ಹೆಬ್ಬೆರಳಿಗೆ ಫೋಕಸ್, ತೋರುಬೆರಳಿಗೆ ಕ್ಲಿಕ್: ದುರ್ಗದ ಕೋಟೆಯಲ್ಲಿ ಬ್ಯಾಕ್ ಬಟನ್ ಫೋಕಸ್ ಕಲಿಯುವ ಬಗೆ

ಚಿತ್ರದುರ್ಗದ ಕೋಟೆಗೆ ಹೊಸದಾಗಿ ಕ್ಯಾಮೆರಾ ಹಿಡಿದು ಬರುವವರ ಫೋಟೋಗಳಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತದೆ. ಮನುಷ್ಯ ಸದಾ ನಟ್ಟನಡುವೆ ನಿಂತಿರುತ್ತಾನೆ. ಎಡಗಡೆಯ ಬಂಡೆ ಅರ್ಧಕ್ಕೆ ಕತ್ತರಿಸಿರುತ್ತದೆ, ಬಲಗಡೆಯ ಬುರುಜೂ ಅರ್ಧಕ್ಕೆ ಕತ್ತರಿಸಿರುತ್ತದೆ, ಎರಡರ ಮಧ್ಯೆ ತಮ್ಮನೋ ಗೆಳೆಯನೋ ಗುರುತಿನ ಚೀಟಿಗೆ ತೆಗೆಸಿಕೊಂಡಂತೆ ನೆಟ್ಟಗೆ ನಿಂತಿರುತ್ತಾನೆ. ಇದು ಅಭಿರುಚಿಯ ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಫೋಕಸ್ ಬಿಂದು ನಡುವೆ ಇದೆ, ಮುಖ ಅಲ್ಲಿಂದ ಸರಿದರೆ ಮಸುಕಾಗುತ್ತದೆ ಎಂಬ ಹೆದರಿಕೆಯಿಂದ ಹುಟ್ಟಿದ ಚೌಕಟ್ಟು ಅದು. ಹೆದರಿಕೆಗೆ ಕಾರಣವೂ ಇದೆ. ಕಾರ್ಖಾನೆಯಿಂದ ಬರುವಾಗ ಕ್ಯಾಮೆರಾದ ಶಟರ್ ಬಟನ್ನಿಗೆ ಎರಡು ಕೆಲಸ ಅಂಟಿಸಿರುತ್ತಾರೆ: ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೋ.

ಈ ಎರಡು ಕೆಲಸಗಳನ್ನು ಬೇರ್ಪಡಿಸಿ, ಫೋಕಸನ್ನು ಕ್ಯಾಮೆರಾದ ಹಿಂಬದಿಯ ಒಂದು ಬಟನ್ನಿಗೆ ವಹಿಸುವುದೇ ಬ್ಯಾಕ್ ಬಟನ್ ಫೋಕಸ್. ಹೆಬ್ಬೆರಳು ಫೋಕಸ್ ಮಾಡುತ್ತದೆ, ತೋರುಬೆರಳು ಫೋಟೋ ತೆಗೆಯುತ್ತದೆ. ಕ್ಯಾನನ್ 1989ರಲ್ಲಿ ಫಿಲ್ಮ್ ಕ್ಯಾಮೆರಾ ಒಂದರಲ್ಲಿಯೇ ಈ ಸೌಲಭ್ಯ ಕೊಟ್ಟಿತ್ತು. ಓಡುವ ಆಟಗಾರರನ್ನೂ ಹಾರುವ ಹಕ್ಕಿಯನ್ನೂ ಹಿಡಿಯುವವರ ತಂತ್ರ ಎಂದು ಇದು ಹೆಸರಾಗಿದೆ. ಆದರೆ ನಿಂತ ಕೋಟೆಯಲ್ಲಿ ಚೌಕಟ್ಟು ಕಟ್ಟಲು ಇದು ಕೊಡುವ ನೆಮ್ಮದಿಯೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿರುವುದರಿಂದ ಇಲ್ಲಿ ಆ ಬದಿಯನ್ನೇ ವಿವರಿಸುತ್ತೇನೆ.

ಅರ್ಧ ಒತ್ತುವುದರಲ್ಲಿ ಏನು ತೊಂದರೆ?

ಮೇಲ್ದುರ್ಗಕ್ಕೆ ಹತ್ತುವ ದಾರಿಯ ಯಾವುದಾದರೂ ಒಂದು ಬಾಗಿಲಿನ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಗೆಳೆಯನನ್ನು ಎಡಬದಿಯ ಗೋಡೆಗೆ ಒರಗಿ ನಿಲ್ಲಿಸಿದ್ದೀರಿ. ಬಲಗಡೆ ಬಾಗಿಲೂ ಅದರಾಚೆಯ ಮೆಟ್ಟಿಲುಗಳೂ ಕಾಣಬೇಕು. ನಡುಬಿಂದುವನ್ನು ಅವನ ಮುಖಕ್ಕೆ ಇಟ್ಟು ಅರ್ಧ ಒತ್ತುತ್ತೀರಿ, ಕ್ಯಾಮೆರಾ ಬೀಪ್ ಎನ್ನುತ್ತದೆ. ಬೆರಳನ್ನು ಹಾಗೆಯೇ ಹಿಡಿದು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸುತ್ತೀರಿ. ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಶಾಲಾ ಮಕ್ಕಳ ಸಾಲು ಬಾಗಿಲಿನಿಂದ ಹೊರಬರುತ್ತದೆ. ಕಾಯುತ್ತೀರಿ. ಅರ್ಧ ಒತ್ತಿದ ಬೆರಳು ಸೋಲುತ್ತದೆ. ತುಸು ಹೆಚ್ಚು ಒತ್ತಿದರೆ ಬೇಡದ ಫೋಟೋ ಬೀಳುತ್ತದೆ, ತುಸು ಸಡಿಲಿಸಿದರೆ ಹಿಡಿದಿಟ್ಟ ಫೋಕಸ್ ಹೋಗುತ್ತದೆ. ಮಕ್ಕಳು ದಾಟಿದ ಮೇಲೆ ಮತ್ತೆ ಒತ್ತಿದರೆ ನಡುಬಿಂದು ಈಗ ಇರುವುದು ಬಾಗಿಲಿನ ಒಳಗಿನ ಕತ್ತಲೆಯ ಮೇಲೆ. ಲೆನ್ಸ್ ಆಚೆ ಈಚೆ ತಡಕಾಡಿ, ಕೊನೆಗೆ ಹಿಂದಿನ ಮೆಟ್ಟಿಲನ್ನು ಹಿಡಿದುಕೊಳ್ಳುತ್ತದೆ. ಗೆಳೆಯ ಮಸುಕಾಗುತ್ತಾನೆ.

ಹಾಗಾದರೆ ಫೋಕಸ್ ಬಿಂದುವನ್ನೇ ಎಡಕ್ಕೆ ಸರಿಸಬಹುದಲ್ಲ ಎಂದು ಕೇಳಬಹುದು. ಸರಿಸಬಹುದು. ಆದರೆ ನಮ್ಮಲ್ಲಿ ಹೊಸಬರ ಕೈಯಲ್ಲಿ ಕಾಣುವ ಕ್ಯಾನನ್ 1500D, 200D, ನಿಕಾನ್ D3500 ತರಹದ ಕ್ಯಾಮೆರಾಗಳಲ್ಲಿ ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ಗೆರೆಗಳನ್ನು ಗುರುತಿಸಬಲ್ಲದ್ದು ನಡುಬಿಂದು ಒಂದೇ. ಬದಿಯ ಬಿಂದುಗಳು ಒಂದು ದಿಕ್ಕಿನ ಗೆರೆಯನ್ನು ಮಾತ್ರ ಹಿಡಿಯುತ್ತವೆ. ಕೋಟೆಯ ಬಾಗಿಲ ನೆರಳಿನಲ್ಲಿ ಅವು ಎಡವುವುದೇ ಹೆಚ್ಚು. ನಂಬಿಕಸ್ಥ ನಡುಬಿಂದುವನ್ನೇ ಬಳಸಬೇಕು, ಆದರೆ ಮನುಷ್ಯನನ್ನು ನಡುವೆ ಇಡಬಾರದು. ಬ್ಯಾಕ್ ಬಟನ್ ಈ ಇಕ್ಕಟ್ಟನ್ನು ಬಿಡಿಸುತ್ತದೆ.

ಕ್ಯಾಮೆರಾವನ್ನು ಅಣಿಗೊಳಿಸುವುದು

ಮೊದಲು ಮೇಲಿನ ಚಕ್ರವನ್ನು ಹಸಿರು ಆಟೋದಿಂದ ಸರಿಸಿ, ಕ್ಯಾನನ್‌ನಲ್ಲಿ Av, ನಿಕಾನ್ ಮತ್ತು ಸೋನಿಯಲ್ಲಿ A ಗುರುತಿಗೆ ತನ್ನಿ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆಯಬೇಕೆಂದು ನಾವೇ ನಿರ್ಧರಿಸುವ ವಿಧಾನ ಇದು. ಹಸಿರು ಆಟೋದಲ್ಲಿದ್ದರೆ ಕ್ಯಾನನ್‌ನ ಆರಂಭಿಕ ಮಾದರಿಗಳಲ್ಲಿ ನಮಗೆ ಬೇಕಾದ ಮೆನು ಸಿಗುವುದೇ ಇಲ್ಲ. "ನನ್ನ ಕ್ಯಾಮೆರಾದಲ್ಲಿ ಆ ಆಯ್ಕೆಯೇ ಇಲ್ಲ ಸರ್" ಎನ್ನುವ ಹುಡುಗರ ಕ್ಯಾಮೆರಾವನ್ನು ಇಸಿದುಕೊಂಡು ನೋಡಿದರೆ ಹೆಚ್ಚು ಪಾಲು ಸಂಗತಿ ಇಷ್ಟೇ ಆಗಿರುತ್ತದೆ.

ಕ್ಯಾನನ್ 1500D, 200D ಇದ್ದರೆ ಮೆನುವಿನ Custom Functions ಒಳಗೆ `Shutter/AE lock button` ಹುಡುಕಿ, `1: AE lock/AF` ಆರಿಸಿ. ಈಗ ಹಿಂಬದಿಯಲ್ಲಿ ಬಲಮೂಲೆಯ ನಕ್ಷತ್ರದ ಗುರುತಿನ ಬಟನ್ ಫೋಕಸ್ ಬಟನ್ ಆಯಿತು. ಶಟರನ್ನು ಅರ್ಧ ಒತ್ತಿದರೆ ಬೆಳಕಿನ ಅಳತೆ ಮಾತ್ರ ಹಿಡಿದು ನಿಲ್ಲುತ್ತದೆ.

ನಿಕಾನ್ D3500 ಇದ್ದರೆ ಸೆಟಪ್ ಮೆನುವಿನ `Buttons` ಒಳಗೆ `Assign AE-L/AF-L button` ತೆರೆದು `AF-ON` ಆರಿಸಿ. ಆ ಕ್ಷಣದಿಂದ ಶಟರ್ ಬಟನ್ ಫೋಕಸ್ ಮಾಡುವುದನ್ನು ನಿಲ್ಲಿಸುತ್ತದೆ.

ಸೋನಿಯಲ್ಲಿ ಎರಡು ಹೆಜ್ಜೆ. `AF w/ shutter` ಎಂಬುದನ್ನು `Off` ಮಾಡಬೇಕು. ಹಿಂಬದಿಯಲ್ಲಿ AF-ON ಎಂದು ಬರೆದ ಬಟನ್ ಇಲ್ಲದಿದ್ದರೆ AEL ಬಟನ್ನಿಗೆ ಆ ಕೆಲಸ ಒಪ್ಪಿಸಬೇಕು. ದುಬಾರಿ ಕ್ಯಾನನ್, ನಿಕಾನ್‌ಗಳಲ್ಲಿ AF-ON ಬಟನ್ ಬೇರೆಯಾಗಿಯೇ ಇರುತ್ತದೆ. ಅಲ್ಲಿಯೂ ಶಟರ್ ಬಟನ್ನಿನಿಂದ ಫೋಕಸನ್ನು ತೆಗೆದುಹಾಕುವುದನ್ನು ಮರೆಯಬಾರದು. AF-ON ಒತ್ತಿ ಫೋಕಸ್ ಮಾಡಿ, ಶಟರ್ ಒತ್ತಿದಾಗ ಅದು ಮತ್ತೊಮ್ಮೆ ಫೋಕಸ್ ಮಾಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಇನ್ನೊಂದು ಬದಲಾವಣೆ ಇದೆ, ಅದನ್ನು ಬಿಟ್ಟರೆ ಈ ವಿಧಾನದ ಅರ್ಧ ಲಾಭವೂ ದಕ್ಕುವುದಿಲ್ಲ. ಫೋಕಸ್ ವಿಧಾನವನ್ನು ಕ್ಯಾನನ್‌ನಲ್ಲಿ AI Servo, ನಿಕಾನ್ ಮತ್ತು ಸೋನಿಯಲ್ಲಿ AF-C ಮಾಡಿ. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಲೆನ್ಸ್ ಎದುರಿನ ವಸ್ತುವನ್ನು ಬೆನ್ನಟ್ಟುವ ವಿಧಾನ ಇದು. ಶಟರ್ ಬಟನ್ನಿನಲ್ಲೇ ಫೋಕಸ್ ಇದ್ದಾಗ ಈ ವಿಧಾನದಲ್ಲಿ ಚೌಕಟ್ಟು ಬದಲಿಸಲು ಆಗುತ್ತಿರಲಿಲ್ಲ, ಕ್ಯಾಮೆರಾ ತಿರುಗಿಸಿದೊಡನೆ ಫೋಕಸ್ ಹಿಂದಿನ ಗೋಡೆಗೆ ಹಾರುತ್ತಿತ್ತು. ಈಗ ಹೆಬ್ಬೆರಳು ಎತ್ತಿದೊಡನೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ. ಒತ್ತಿ ಹಿಡಿದರೆ ಬೆನ್ನಟ್ಟುವುದು, ಬಿಟ್ಟರೆ ನಿಲ್ಲುವುದು. ವಿಧಾನ ಬದಲಿಸಲು ಮೆನುವಿಗೆ ಹೋಗುವ ಗೋಜೇ ಇಲ್ಲ. ನಿಕಾನ್ ಬಳಸುವವರಿಗೆ ಇನ್ನೊಂದು ಕಾರಣವೂ ಇದೆ. ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲುವ AF-S ವಿಧಾನದಲ್ಲಿ ನಡುಬಿಂದುವಿನ ಕೆಳಗಿರುವುದು ಸ್ಪಷ್ಟವಾಗಿಲ್ಲ ಎಂದು ಕಂಡರೆ ಕ್ಯಾಮೆರಾ ಫೋಟೋ ತೆಗೆಯಲು ನಿರಾಕರಿಸಬಹುದು. ಚೌಕಟ್ಟು ಬದಲಿಸಿದ ಮೇಲೆ ಶಟರ್ ಬೀಳುತ್ತಿಲ್ಲ ಎಂದರೆ ಮೊದಲು ಇದನ್ನೇ ಶಂಕಿಸಿ.

ಕೊನೆಯದಾಗಿ, ಉಳಿದೆಲ್ಲ ಫೋಕಸ್ ಬಿಂದುಗಳನ್ನೂ ಬಿಟ್ಟು ನಡುಬಿಂದು ಒಂದನ್ನೇ ಉಳಿಸಿಕೊಳ್ಳಿ.

ಎಲ್ಲವೂ ಸರಿಯಾಗಿದೆಯೇ ಎಂದು ಮನೆಯಲ್ಲೇ ನೋಡಬಹುದು. ಊಟದ ಮೇಜಿನ ಮೇಲೆ ಮೂರು ಸ್ಟೀಲ್ ಲೋಟಗಳನ್ನು ಒಂದರ ಹಿಂದೆ ಒಂದು, ಗೇಣು ಗೇಣು ಅಂತರದಲ್ಲಿ, ತುಸು ಓರೆಯಾಗಿ ಇಡಿ. ನಡುವಿನ ಲೋಟದ ಅಂಚಿಗೆ ಬಿಂದು ಇಟ್ಟು ಹೆಬ್ಬೆರಳಿನಿಂದ ಒತ್ತಿ, ಬಿಡಿ. ಈಗ ಕ್ಯಾಮೆರಾವನ್ನು ಹಿಂದಿನ ಲೋಟದ ಕಡೆಗೆ ತಿರುಗಿಸಿ ಶಟರ್ ಒತ್ತಿ. ಲೆನ್ಸಿನಿಂದ ಸದ್ದು ಬರಬಾರದು, ವ್ಯೂಫೈಂಡರಿನಲ್ಲಿ ಏನೂ ಕದಲಬಾರದು, ಫೋಟೋದಲ್ಲಿ ನಡುವಿನ ಲೋಟವೇ ಸ್ಪಷ್ಟವಾಗಿರಬೇಕು. ಲೆನ್ಸ್ ಗುರ್ ಎಂದರೆ ಶಟರ್ ಬಟನ್ನಿನಲ್ಲಿ ಫೋಕಸ್ ಇನ್ನೂ ಉಳಿದಿದೆ ಎಂದರ್ಥ. AI Servoದಲ್ಲಿ ಬೀಪ್ ಸದ್ದು ಕೇಳಿಸುವುದಿಲ್ಲ. ಅದು ಕೆಟ್ಟಿರುವುದರ ಗುರುತಲ್ಲ.

ಬಾಗಿಲ ಮುಂದೆ: ಮೊದಲು ಚೌಕಟ್ಟು, ಆಮೇಲೆ ಮನುಷ್ಯ

ಈಗ ಅದೇ ಬಾಗಿಲಿಗೆ ಹೋಗೋಣ. ದುರ್ಗದ ಬಾಗಿಲುಗಳು ಒಂದರ ಎದುರಿಗೆ ಒಂದು ನೇರವಾಗಿಲ್ಲ. ಶತ್ರು ಒಂದೇ ಓಟದಲ್ಲಿ ನುಗ್ಗಬಾರದೆಂದು ದಾರಿಯನ್ನು ಸೊಟ್ಟ ತಿರುಗಿಸಿ ಕಟ್ಟಿದ್ದಾರೆ. ಫೋಟೋ ತೆಗೆಯುವವನಿಗೆ ಇದರಿಂದ ಒಂದು ಅನುಕೂಲವಿದೆ: ಮೂಲೆಯ ಆಚೆಯಿಂದ ಬರುವವರು ಹೊಸ್ತಿಲಿಗೆ ಬರುವ ತನಕ ಕಾಣುವುದಿಲ್ಲ, ಬಂದಾಗ ಥಟ್ಟನೆ ಬೆಳಕಿಗೆ ಬೀಳುತ್ತಾರೆ. ನಮಗೆ ಬೇಕಾದದ್ದು ಆ ಕ್ಷಣ. ಎತ್ತರದ ಗೋಡೆ ಚೌಕಟ್ಟಿನ ಮುಕ್ಕಾಲು ತುಂಬಿರಬೇಕು, ಕೆಳಗೆ ಬಲಮೂಲೆಯಲ್ಲಿ ಹೊಸ್ತಿಲು ದಾಟುವ ಒಬ್ಬ ಮನುಷ್ಯ.

ತೊಂದರೆ ಏನೆಂದರೆ ಫೋಕಸ್ ಮಾಡಬೇಕಾದ ಮನುಷ್ಯ ಇನ್ನೂ ಬಂದೇ ಇಲ್ಲ. ಬಂದ ಮೇಲೆ ಫೋಕಸ್ ಮಾಡುತ್ತೇನೆ ಎಂದರೆ, ಕ್ಯಾಮೆರಾ ತಿರುಗಿಸಿ, ಅರ್ಧ ಒತ್ತಿ, ಮತ್ತೆ ಚೌಕಟ್ಟಿಗೆ ತರುವಷ್ಟರಲ್ಲಿ ಅವರು ಹೊಸ್ತಿಲು ದಾಟಿ ನಿಮ್ಮ ಪಕ್ಕಕ್ಕೇ ಬಂದಿರುತ್ತಾರೆ.

ಲೆನ್ಸ್ 50 ಮಿ.ಮೀ., ಅಪರ್ಚರ್ f/2.8, ಹೊಸ್ತಿಲಿನಿಂದ ಸುಮಾರು 5 ಮೀಟರ್ ದೂರ ಎಂದಿಟ್ಟುಕೊಳ್ಳಿ. ನಡೆಯುವವರ ಕಾಲು ಕಲಸಿಹೋಗದಿರಲು ಶಟರ್ ವೇಗ 1/250ಕ್ಕಿಂತ ಕಡಿಮೆಯಾಗದಂತೆ ISO ಏರಿಸಿಕೊಳ್ಳಿ. ನಂತರ ನಡುಬಿಂದುವನ್ನು ಹೊಸ್ತಿಲ ಕಲ್ಲಿನ ಮೇಲೆ ಇಡಿ. ಕಲ್ಲಿನ ಮೇಲೆ ಎಂದರೆ ಎಲ್ಲೋ ಒಂದು ಕಡೆ ಅಲ್ಲ. ಸಾವಿರಾರು ಕಾಲು ತುಳಿದು ನುಣುಪಾದ ಜಾಗದಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಲೆನ್ಸ್ ತಡಕಾಡುತ್ತದೆ. ಬಿಸಿಲು ಬಿದ್ದ ಭಾಗವೂ ನೆರಳಿನ ಭಾಗವೂ ಸೇರುವ ಅಂಚು, ಎರಡು ಕಲ್ಲುಗಳ ನಡುವಿನ ಸಂದು, ಉಳಿಯ ಗುರುತು ಉಳಿದ ಜಾಗ, ಇಂಥವು ಬೇಕು. ಅಲ್ಲಿ ಹೆಬ್ಬೆರಳಿನಿಂದ ಒಂದು ಕ್ಷಣ ಒತ್ತಿ, ಚಿತ್ರ ಸ್ಪಷ್ಟವಾಗಿ ನಿಂತ ಮೇಲೆ ಬೆರಳು ಎತ್ತಿಬಿಡಿ.

ಫೋಕಸಿನ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಚೌಕಟ್ಟು. ಕ್ಯಾಮೆರಾವನ್ನು ಮೇಲಕ್ಕೂ ಎಡಕ್ಕೂ ಸರಿಸಿ ಗೋಡೆಯನ್ನು ತುಂಬಿಕೊಳ್ಳಿ. ತಲೆಯ ಮೇಲಿನ ಆಕಾಶ ಎಷ್ಟು ಬೇಕು, ಮೂಲೆಯಲ್ಲಿ ಮಾಹಿತಿ ಫಲಕ ನುಸುಳಿದೆಯೇ, ಗೋಡೆಯ ಗೆರೆ ವಾಲಿದೆಯೇ ಎಂದು ನಿಧಾನವಾಗಿ ನೋಡಿ. ಬೇಕಿದ್ದರೆ ಕ್ಯಾಮೆರಾ ಕೆಳಗಿಳಿಸಿ ನೀರು ಕುಡಿಯಿರಿ. ಲೆನ್ಸಿನ ಉಂಗುರ ಮುಟ್ಟದಿದ್ದರೆ, ನಿಂತ ಜಾಗ ಬದಲಿಸದಿದ್ದರೆ, ಫೋಕಸ್ ಹೊಸ್ತಿಲಿನ ಮೇಲೆಯೇ ಇರುತ್ತದೆ. ನಡುವೆ ಯಾರು ಅಡ್ಡ ಬಂದರೂ ಹೋದರೂ ಕ್ಯಾಮೆರಾ ವಿಚಲಿತವಾಗುವುದಿಲ್ಲ. ಈ ನಿಶ್ಚಿಂತೆಯಲ್ಲೇ ಚೌಕಟ್ಟಿನ ತಪ್ಪುಗಳು ಕಣ್ಣಿಗೆ ಬೀಳುವುದು. ಅರ್ಧ ಒತ್ತಿ ಹಿಡಿದ ಬೆರಳಿನ ಮೇಲೆ ಗಮನವಿರುವಾಗ ಮೂಲೆಗಳನ್ನು ಯಾರೂ ನೋಡುವುದಿಲ್ಲ.

ಈ ದೂರ, ಈ ಅಪರ್ಚರಿನಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ಹೊಸ್ತಿಲಿನ ಆಚೆ ಈಚೆ ಸುಮಾರು ಅರ್ಧರ್ಧ ಮೀಟರ್. ಆದ್ದರಿಂದ ಮನುಷ್ಯ ಹೊಸ್ತಿಲಿನ ಮೇಲೆ ಕಾಲಿಡುವಾಗಲೇ ಶಟರ್ ಒತ್ತಬೇಕು. ಎರಡು ಹೆಜ್ಜೆ ಮುಂದೆ ಬಂದ ಮೇಲೆ ಒತ್ತಿದರೆ ಹಿಂದಿನ ಕಲ್ಲು ಸ್ಪಷ್ಟವಾಗಿಯೂ ಮುಖ ಮೆತ್ತಗಾಗಿಯೂ ಬರುತ್ತದೆ. ಅಷ್ಟು ನಿಖರತೆ ಕಷ್ಟ ಎನಿಸಿದರೆ ಜೂಮ್ ಲೆನ್ಸನ್ನು 35 ಮಿ.ಮೀ.ಗೆ ತಂದು f/5.6 ಇಟ್ಟು 6 ಮೀಟರ್ ದೂರ ನಿಲ್ಲಿ. ಆಗ ನಾಲ್ಕು ಮೀಟರಿನಿಂದ ಹನ್ನೆರಡು ಮೀಟರಿನವರೆಗೂ ಎಲ್ಲವೂ ಸಾಕಷ್ಟು ಸ್ಪಷ್ಟ. ಮೊದಲ ದಿನದ ಅಭ್ಯಾಸಕ್ಕೆ ಇದೇ ವಾಸಿ. ಒರಗಿ ನಿಂತ ಗೆಳೆಯನ ಫೋಟೋಕ್ಕೂ ಕ್ರಮ ಇದೇ. ಹತ್ತಿರದ ಕಣ್ಣಿಗೆ ಬಿಂದು, ಒಂದು ಒತ್ತು, ಬೆರಳು ಎತ್ತು, ಚೌಕಟ್ಟು ಕಟ್ಟು, ಶಾಲಾ ಮಕ್ಕಳು ದಾಟುವ ತನಕ ಕಾಯಿ. ಅವನು ಕದಲದಿದ್ದರೆ ಎಷ್ಟು ಫೋಟೋ ತೆಗೆದರೂ ಹೊಸದಾಗಿ ಫೋಕಸ್ ಮಾಡಬೇಕಿಲ್ಲ.

ಬೆಳಕಿನ ಮಾತು ಒಂದಿದೆ. ಮುಖಕ್ಕೆ ಹಿಡಿದ ಫೋಕಸ್ ಹಾಗೇ ಉಳಿಯುತ್ತದೆ ನಿಜ, ಆದರೆ ಕ್ಯಾಮೆರಾವನ್ನು ಆಕಾಶದ ಕಡೆ ಎತ್ತಿದಾಗ ಬೆಳಕಿನ ಅಳತೆ ಬದಲಾಗಿ ಗೆಳೆಯ ಕಪ್ಪಾಗಬಹುದು. ಮೇಲೆ ಹೇಳಿದ ಕ್ಯಾನನ್ ಆಯ್ಕೆಯಲ್ಲಿ ಇದಕ್ಕೂ ದಾರಿಯಿದೆ: ಚೌಕಟ್ಟಿನಲ್ಲಿ ಆಕಾಶ ಕಡಿಮೆ ಇರುವಂತೆ ತಿರುಗಿಸಿ ಶಟರ್ ಅರ್ಧ ಒತ್ತಿ ಹಿಡಿದು, ಚೌಕಟ್ಟಿಗೆ ಮರಳಿ, ಪೂರ್ತಿ ಒತ್ತುವುದು. ಫೋಕಸ್ ಇದರಿಂದ ಕದಲುವುದಿಲ್ಲ. ಇಷ್ಟು ಕಸರತ್ತು ಬೇಡವೆನಿಸಿದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ +1 ಇಟ್ಟರೂ ನಡೆಯುತ್ತದೆ.

ತಿರುಗಿಸಿದರೆ ಫೋಕಸ್ ತಪ್ಪುವುದಿಲ್ಲವೇ?

ತಿಳಿದವರು ಎತ್ತುವ ಆಕ್ಷೇಪ ಇದು, ನ್ಯಾಯವಾದದ್ದೂ ಹೌದು. ಫೋಕಸ್ ಆಗಿರುವುದು ಕ್ಯಾಮೆರಾದ ಎದುರಿನ ಒಂದು ಸಪಾಟು ತಲದಲ್ಲಿ. ಕ್ಯಾಮೆರಾ ತಿರುಗಿಸಿದರೆ ಆ ತಲವೂ ತಿರುಗುತ್ತದೆ, ಬದಿಗೆ ಸರಿದ ಮುಖ ಅದರಿಂದ ತುಸು ಮುಂದಕ್ಕೆ ಬೀಳುತ್ತದೆ. ಎಷ್ಟು? 50 ಮಿ.ಮೀ. ಲೆನ್ಸ್ ಹಾಕಿದ 1500Dಯಲ್ಲಿ ಮುಖವನ್ನು ನಡುವಿನಿಂದ ಮೂರನೇ ಒಂದರ ಗೆರೆಗೆ ಸರಿಸಲು ಕ್ಯಾಮೆರಾ ತಿರುಗುವುದು ನಾಲ್ಕು ಡಿಗ್ರಿಯಷ್ಟು ಮಾತ್ರ. 2 ಮೀಟರ್ ದೂರದ ಮುಖಕ್ಕೆ ಅದರಿಂದಾಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್. f/1.8 ಇಟ್ಟರೂ ಆ ದೂರದಲ್ಲಿ ಸ್ಪಷ್ಟ ಪಟ್ಟಿ ಆಚೆ ಈಚೆ ತಲಾ ಐದು ಸೆಂಟಿಮೀಟರ್ ಇರುತ್ತದೆ. ಲೆಕ್ಕಕ್ಕೆ ಬರುವ ತಪ್ಪಲ್ಲ ಅದು.

ನಿಜವಾದ ಅಪಾಯ ನಿಮ್ಮ ಸೊಂಟದಲ್ಲಿದೆ. ಒಂದು ಮೀಟರ್ ಹತ್ತಿರಕ್ಕೆ ಹೋಗಿ f/1.8ರಲ್ಲಿ ಮುಖ ತೆಗೆಯುವಾಗ ಸ್ಪಷ್ಟ ಪಟ್ಟಿ ಒಟ್ಟು ಮೂರು ಸೆಂಟಿಮೀಟರಿಗೂ ಕಡಿಮೆ. ಚೌಕಟ್ಟು ಕಟ್ಟುವಾಗ ಮೈ ಎರಡು ಸೆಂಟಿಮೀಟರ್ ಮುಂದಕ್ಕೆ ವಾಲಿದರೆ ಕಣ್ಣು ಬಿಟ್ಟು ಕಿವಿ ಸ್ಪಷ್ಟವಾಗುತ್ತದೆ. ಕೋಟೆಯ ಇಳಿಜಾರು ಬಂಡೆಯ ಮೇಲೆ ನಿಂತಾಗಲಂತೂ ವಾಲುವುದು ಖಚಿತ. ಇಷ್ಟು ಹತ್ತಿರ ಬಂದರೆ ಬೆರಳು ಎತ್ತಿ ಕಾಯುವ ಈ ಕ್ರಮವನ್ನು ಬಿಡಿ: ಬದಿಯ ಬಿಂದುವನ್ನೇ ಕಣ್ಣಿನ ಮೇಲಿಟ್ಟು, ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ಶಟರ್ ಒತ್ತಿ. ಇಲ್ಲವೇ f/4ಕ್ಕೆ ಇಳಿಯಿರಿ.

ಒತ್ತಿ ಹಿಡಿಯುವ ಇನ್ನೊಂದು ಸಂದರ್ಭ ಕೋಟೆಯ ಕೋತಿಗಳು. ಗೋಡೆಯ ಮೇಲೆ ಕೂತಿರುವ ತನಕ ಒಂದು ಒತ್ತು ಸಾಕು. ಯಾರದೋ ಕೈಯ ಬಾಳೆಹಣ್ಣು ಕಂಡು ಓಡತೊಡಗಿದರೆ ಹೆಬ್ಬೆರಳು ಕೆಳಗೇ ಇರಲಿ.

ಮಸುಕಾದ ಫೋಟೋವನ್ನು ಓದುವುದು

ಫೋಟೋ ಮಸುಕಾಗಿ ಬಂದರೆ ಪರದೆಯ ಮೇಲೆ ಹಿಗ್ಗಿಸಿ, ಎಲ್ಲಾದರೂ ಒಂದು ಕಡೆ ಸ್ಪಷ್ಟವಾಗಿದೆಯೇ ಎಂದು ಹುಡುಕಿ. ಹಿಂದಿನ ಗೋಡೆಯೋ ಮುಂದಿನ ಹುಲ್ಲೋ ಸ್ಪಷ್ಟವಾಗಿದ್ದರೆ ತಪ್ಪಿರುವುದು ಫೋಕಸ್. ಎಲ್ಲಿಯೂ ಸ್ಪಷ್ಟವಿಲ್ಲ, ಬೆಳಕಿನ ಚುಕ್ಕೆಗಳು ಒಂದೇ ದಿಕ್ಕಿಗೆ ಎಳೆದಂತಿವೆ ಎಂದಾದರೆ ಕೈ ಅಲುಗಿದೆ. ಅದಕ್ಕೆ ಹೆಬ್ಬೆರಳನ್ನು ದೂರಿ ಪ್ರಯೋಜನವಿಲ್ಲ, ಶಟರ್ ವೇಗ ಏರಿಸಬೇಕು.

ಫೋಕಸ್ ತಪ್ಪಿದ್ದರೆ ಹೊಸಬರಲ್ಲಿ ಹೆಚ್ಚಾಗಿ ಕಾರಣ ಮರೆವು. ಗೆಳೆಯ ಒಂದು ಹೆಜ್ಜೆ ಮುಂದೆ ಬಂದ, ಅಥವಾ ನೀವೇ ಒಂದು ಮೆಟ್ಟಿಲು ಹತ್ತಿದಿರಿ, ಹೆಬ್ಬೆರಳು ಒತ್ತಲಿಲ್ಲ. ಕ್ಯಾಮೆರಾ ಎಚ್ಚರಿಸುವುದಿಲ್ಲ, ಹೇಳಿದಂತೆ ಹಳೆಯ ದೂರಕ್ಕೇ ಫೋಟೋ ತೆಗೆಯುತ್ತದೆ. ದೂರ ಬದಲಾದರೆ ಮತ್ತೆ ಒತ್ತಬೇಕು. ಜೂಮ್ ತಿರುಗಿಸಿದರೂ ಮತ್ತೆ ಒತ್ತಬೇಕು, ಏಕೆಂದರೆ ಕ್ಯಾಮೆರಾದ ಜೊತೆಗೆ ಬರುವ 18-55 ಲೆನ್ಸುಗಳಲ್ಲಿ ಜೂಮ್ ಬದಲಾದಾಗ ಫೋಕಸೂ ಸರಿಯುತ್ತದೆ. ನಿಕಾನ್‌ನವರು ಇನ್ನೊಂದನ್ನು ಗಮನಿಸಿ: ಹಲವು ಮಾದರಿಗಳಲ್ಲಿ ಕೈಯಲುಗಾಟ ತಡೆಯುವ VR ಎಚ್ಚರಗೊಳ್ಳುವುದು ಶಟರ್ ಅರ್ಧ ಒತ್ತಿದಾಗಲೇ, ಹೆಬ್ಬೆರಳ ಬಟನ್ನಿಗಲ್ಲ. ಮಂದ ಬೆಳಕಿನಲ್ಲಿ ಅರ್ಧ ಒತ್ತಿ ಕ್ಷಣಕಾಲ ತಡೆದು ಪೂರ್ತಿ ಒತ್ತುವುದು ಒಳ್ಳೆಯದು.

ಎಡಗಣ್ಣಿನಿಂದ ವ್ಯೂಫೈಂಡರ್ ನೋಡುವವರಿಗೆ ಈ ವಿಧಾನ ಸ್ವಲ್ಪ ಇರಿಸುಮುರಿಸು, ಹೆಬ್ಬೆರಳು ಮುಖಕ್ಕೆ ಒತ್ತುತ್ತದೆ. ಕಣ್ಣನ್ನು ತಾನೇ ಗುರುತಿಸಿ ಚೌಕಟ್ಟಿನ ಯಾವ ಮೂಲೆಯಲ್ಲಿದ್ದರೂ ಹಿಂಬಾಲಿಸುವ ಹೊಸ ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ ಮುಖ ತೆಗೆಯಲು ಇದರ ಅಗತ್ಯ ಅಷ್ಟಿಲ್ಲ. ಆದರೆ ಖಾಲಿ ಹೊಸ್ತಿಲಿನಲ್ಲಿ ಕಣ್ಣೇ ಇಲ್ಲದಿರುವುದರಿಂದ ಅಲ್ಲಿ ಅವರೂ ಹೆಬ್ಬೆರಳನ್ನೇ ಆಶ್ರಯಿಸಬೇಕು.

ಕೋಟೆಯಲ್ಲಿ ಖಂಡಿತ ಎದುರಾಗುವ ಸಂದರ್ಭ ಇನ್ನೊಂದಿದೆ. ಉಯ್ಯಾಲೆ ಕಂಬದ ಮುಂದೆ ಎಲ್ಲರೂ ಸೇರಿ ನಿಂತು, ದಾರಿಹೋಕರ ಕೈಗೆ ಕ್ಯಾಮೆರಾ ಕೊಟ್ಟು, "ಅಣ್ಣಾ, ಒಂದು ಫೋಟೋ ತೆಗೆದುಕೊಡಿ" ಎನ್ನುತ್ತೀರಿ. ಅವರಿಗೆ ನಕ್ಷತ್ರದ ಬಟನ್ನಿನ ಸಂಗತಿ ಗೊತ್ತಿರುವುದಿಲ್ಲ, ಶಟರ್ ಒತ್ತುತ್ತಾರೆ, ಇಡೀ ಗುಂಪು ಮಸುಕು. ಕ್ಯಾನನ್‌ನ ಈ ಆರಂಭಿಕ ಮಾದರಿಗಳಲ್ಲಿ ಕಸ್ಟಮ್ ಆಯ್ಕೆಗಳು ಹಸಿರು ಆಟೋಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ, ಕೊಡುವ ಮುನ್ನ ಚಕ್ರವನ್ನು ಹಸಿರಿಗೆ ತಿರುಗಿಸಿದರೆ ಶಟರ್ ಬಟನ್ ಮೊದಲಿನಂತೆ ಎರಡೂ ಕೆಲಸ ಮಾಡುತ್ತದೆ. ಬೇರೆ ಕ್ಯಾಮೆರಾಗಳಲ್ಲಿ ಗುಂಪು ನಿಂತ ಮೇಲೆ ನೀವೇ ಅವರು ನಿಲ್ಲುವ ಜಾಗದಿಂದ ಫೋಕಸ್ ಮಾಡಿ, ಬೆರಳು ಎತ್ತಿ, "ಇಲ್ಲಿಂದ ಕದಲಬೇಡಿ, ಮೇಲಿನ ಬಟನ್ ಒತ್ತಿದರೆ ಸಾಕು" ಎಂದು ಹೇಳಿ ಕೊಡಿ. ಕ್ಯಾಮೆರಾ ವಾಪಸು ಬಂದ ಮೇಲೆ ಚಕ್ರವನ್ನು Avಗೆ ತಿರುಗಿಸಿಕೊಳ್ಳಿ.